ಮೀಟಿಂಗಿಗೆ ‘ಆಗುವುದಿಲ್ಲ’ ಎನ್ನುವ ಬಗೆ

ಗೂಗಲ್ ಕ್ಯಾಲೆಂಡರಿನಲ್ಲಿ ಮೀಟಿಂಗಿನ ಕರೆ ಬಂದಾಗ ಅದರ ಜೊತೆಗೆ Yes, No, Maybe ಎಂಬ ಮೂರು ಆಯ್ಕೆಗಳು ಬರುತ್ತವೆ. ನಮ್ಮ ಆಫೀಸುಗಳಲ್ಲಿ ಎಷ್ಟೋ ಜನರಿಗೆ No ಒತ್ತಲು ಕೈ ಬರುವುದಿಲ್ಲ. ‘ನೋಡೋಣ’ ಎಂದುಕೊಂಡು Maybe ಒತ್ತುತ್ತಾರೆ, ಇಲ್ಲವೇ ಏನನ್ನೂ ಒತ್ತದೆ ಸುಮ್ಮನಿದ್ದುಬಿಡುತ್ತಾರೆ. ಕರೆದವರು ಮಾತ್ರ ಅವರು ಬಂದೇ ಬರುತ್ತಾರೆಂದು ಕಾಯುತ್ತಿರುತ್ತಾರೆ. ಇನ್ನು ಕೆಲವರು ಗಟ್ಟಿ ಮನಸ್ಸು ಮಾಡಿ No ಒತ್ತುತ್ತಾರೆ, ಆದರೆ ಕಾರಣವನ್ನೇ ಬರೆಯುವುದಿಲ್ಲ. ಕರೆದವರಿಗೆ ಅದು ಮುಖದ ಮೇಲೆ ಬಾಗಿಲು ಹಾಕಿದ ಹಾಗೆ.

ಇವೆರಡರ ನಡುವೆ ಒಂದು ದಾರಿಯಿದೆ. ಮೀಟಿಂಗಿಗೆ ಹೋಗದಿದ್ದರೂ, ಅಲ್ಲಿ ತನ್ನಿಂದ ಸಿಗಬೇಕಾದದ್ದನ್ನು ಬೇರೆ ರೀತಿಯಲ್ಲಿ ತಲುಪಿಸುವುದು.

ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಟೆಸ್ಟಿಂಗ್ ತಂಡ ನೋಡಿಕೊಳ್ಳುವ ಒಬ್ಬರಿದ್ದಾರೆ ಎಂದುಕೊಳ್ಳಿ. ಬುಧವಾರ ಮಧ್ಯಾಹ್ನ ಅವರಿಗೊಂದು ಕರೆ ಬರುತ್ತದೆ: ಗುರುವಾರ 3ರಿಂದ 4ರವರೆಗೆ, ‘ಪೇಮೆಂಟ್ ಪುಟದ ಬಿಡುಗಡೆ ಕುರಿತು ಚರ್ಚೆ’, ಒಟ್ಟು ಎಂಟು ಜನ. ಅದೇ ಹೊತ್ತಿಗೆ ಅವರಿಗೆ ಟೆಸ್ಟಿಂಗ್ ಕೆಲಸವಿದೆ. ಕರೆಯಲ್ಲಿ ಅಜೆಂಡಾ ಇಲ್ಲ. ಹಾಗಾಗಿ ಬರುತ್ತೇನೆ, ಬರುವುದಿಲ್ಲ ಎನ್ನುವ ಮೊದಲು ಅವರು ಕರೆದ ಮ್ಯಾನೇಜರಿಗೆ ಚಾಟ್‌ನಲ್ಲಿ ಒಂದು ಸಾಲು ಕಳಿಸುತ್ತಾರೆ: “ಸರ್, ನಾಳೆ ನನ್ನ ಕಡೆಯಿಂದ ಏನೇನು ಬೇಕಾಗಬಹುದು?”

ಉತ್ತರದಲ್ಲಿ ಎರಡು ವಿಷಯ ಬರುತ್ತವೆ. ಎಷ್ಟು ಬಗ್‌ಗಳು ಬಾಕಿ ಇವೆ? ಸೋಮವಾರ ಬಿಡುಗಡೆ ಮಾಡಬಹುದೇ? ಮೊದಲನೆಯದು ಬರೀ ಮಾಹಿತಿ, ಬರೆದು ಕಳಿಸಿದರೆ ಸಾಕು. ಎರಡನೆಯದು ತೀರ್ಮಾನ. ಅದಕ್ಕೆ ಮಾತುಕತೆ ಬೇಕು, ಆದರೆ ಒಂದು ಗಂಟೆ ಬೇಡ. ಇಷ್ಟು ಗೊತ್ತಾದ ಮೇಲೆ ಅವರು ಬರೆಯುವ ಉತ್ತರ ಹೀಗಿರಬಹುದು:

“ಸರ್, ನಾಳೆ 3.30ರಿಂದ ಇದೇ ಬಿಡುಗಡೆಯ ಟೆಸ್ಟಿಂಗ್ ಇರುವುದರಿಂದ ಪೂರ್ತಿ ಒಂದು ಗಂಟೆ ಕೂರಲು ಆಗುವುದಿಲ್ಲ. ಬಾಕಿ ಇರುವ ಬಗ್‌ಗಳ ಪಟ್ಟಿಯನ್ನು, ಬಿಡುಗಡೆಗೆ ಅಡ್ಡಿಯಾಗುವುದು ಯಾವುದು ಎಂದು ಗುರುತು ಹಾಕಿ, ಬೆಳಿಗ್ಗೆ 11ರೊಳಗೆ ಮೇಲ್ ಮಾಡುತ್ತೇನೆ. ಸೋಮವಾರದ ವಿಷಯವನ್ನು ಮೊದಲಿಗೇ ತೆಗೆದುಕೊಂಡರೆ 3ರಿಂದ 3.15ರವರೆಗೆ ಇದ್ದು ಹೊರಡುತ್ತೇನೆ. ಹೀಗೆ ಮಾಡಿದರೆ ನಿಮಗೆ ಅನುಕೂಲವಾಗುತ್ತದೆಯೇ?”

ಇಲ್ಲಿ ಕಾರಣಕ್ಕೆ ಸಿಕ್ಕಿರುವುದು ಒಂದೇ ವಾಕ್ಯ. ಕಾರಣ ಉದ್ದವಾದಷ್ಟೂ ಅದು ನೆಪದಂತೆ ಕಾಣತೊಡಗುತ್ತದೆ. ‘ಆಮೇಲೆ ಕಳಿಸುತ್ತೇನೆ’ ಎನ್ನುವ ಬದಲು ಗಂಟೆ ಹೇಳಿದ್ದಾರೆ. ‘ಯಾವಾಗಾದರೂ ಸಿಗೋಣ’ ಎನ್ನುವ ಬದಲು ಹದಿನೈದು ನಿಮಿಷ ಗುರುತಿಸಿಕೊಟ್ಟಿದ್ದಾರೆ. ಕೊನೆಯ ಮಾತು ಪ್ರಶ್ನೆಯಾಗಿರುವುದರಿಂದ ನಿರ್ಧಾರ ಕರೆದವರ ಕೈಯಲ್ಲೇ ಉಳಿಯುತ್ತದೆ. ಮೇಲಿನವರಿಗೆ ಬರೆಯುವಾಗ ಇದನ್ನು ಬಿಡುವಂತಿಲ್ಲ.

ಕಿರು ಅವಧಿಯನ್ನು ಎಲ್ಲಿ ಇಡಬೇಕೆಂಬುದಕ್ಕೂ ಲೆಕ್ಕವಿದೆ. ಅಮೆರಿಕದ ಪ್ರೋಗ್ರಾಮರ್ ಹಾಗೂ ಪ್ರಬಂಧಕಾರ ಪಾಲ್ ಗ್ರಹಾಂ 2009ರ ಲೇಖನವೊಂದರಲ್ಲಿ ಇದನ್ನು ವಿವರಿಸಿದ್ದಾರೆ. ಮ್ಯಾನೇಜರುಗಳ ದಿನ ಗಂಟೆಗಳಾಗಿ ಹಂಚಿಹೋಗಿರುತ್ತದೆ; ಕೋಡ್ ಬರೆಯುವವರಿಗೆ ಅರ್ಧ ದಿನದಷ್ಟು ಒಟ್ಟಾದ ಹೊತ್ತು ಬೇಕು. ನಡುಮಧ್ಯಾಹ್ನದ ಒಂದು ಮೀಟಿಂಗ್ ಅಂಥವರ ಅರ್ಧ ದಿನವನ್ನು ಎರಡು ತುಂಡು ಮಾಡಿಬಿಡುತ್ತದೆ. ಆದ್ದರಿಂದ ಹದಿನೈದು ನಿಮಿಷವನ್ನು ಊಟಕ್ಕೆ ಮುಂಚೆಯೋ, ಕೆಲಸ ಶುರುವಾಗುವ ಹೊತ್ತಿಗೋ, ಇನ್ನೊಂದು ಮೀಟಿಂಗಿಗೆ ಹೊಂದಿಕೊಂಡೋ ಇಟ್ಟುಕೊಂಡರೆ ನಷ್ಟ ಕಡಿಮೆ.

ಇನ್ನು ಗುಂಡಿ ಒತ್ತುವಾಗ ಆಗುವ ಎಡವಟ್ಟುಗಳು. ಗೂಗಲ್ ಕ್ಯಾಲೆಂಡರಿನಲ್ಲಿ ಉತ್ತರದ ಜೊತೆ ಟಿಪ್ಪಣಿ ಸೇರಿಸಬಹುದು, Propose a new time ಒತ್ತಿ ಬೇರೆ ಸಮಯವನ್ನೂ ಸೂಚಿಸಬಹುದು. ಔಟ್‌ಲುಕ್‌ನಲ್ಲಿ Decline ಮಾಡುವಾಗ ಉತ್ತರ ಕಳಿಸದಿರುವ ಆಯ್ಕೆಯೂ ಇದೆ. ಅದನ್ನು ಆರಿಸಿಕೊಂಡರೆ ಮೀಟಿಂಗ್ ನಿಮ್ಮ ಕ್ಯಾಲೆಂಡರಿನಿಂದ ಹೋಗುತ್ತದೆ, ಕರೆದವರಿಗೆ ಸುದ್ದಿಯೇ ಮುಟ್ಟುವುದಿಲ್ಲ. ಪ್ರತಿ ವಾರ ನಡೆಯುವ ಮೀಟಿಂಗ್ ಆದರೆ ಇನ್ನೂ ಎಚ್ಚರ ಬೇಕು. ಈ ವಾರದ್ದನ್ನು ಮಾತ್ರ ಬಿಡಲು ಹೋಗಿ ಇಡೀ ಸರಣಿಗೇ No ಒತ್ತಿದರೆ, ಮುಂದಿನ ಸೋಮವಾರ ‘ನೀವು ತಂಡ ಬಿಟ್ಟಿರಾ?’ ಎಂದು ಯಾರಾದರೂ ಕೇಳಿಯಾರು.

ಎಲ್ಲ ಮೀಟಿಂಗುಗಳಿಗೂ ಈ ಉಪಾಯ ಹೊಂದುವುದಿಲ್ಲ. ಇಬ್ಬರ ನಡುವಿನ ಮನಸ್ತಾಪ, ಅಪ್ರೈಸಲ್, ಯಾರದೋ ಕೆಲಸ ಹೋಗುವ ಸುದ್ದಿ, ಇಂಥವನ್ನು ಮೇಲ್‌ಗೆ ದಾಟಿಸಿದರೆ ಬರೆದ ಮಾತು ಬೇಕಾದ್ದಕ್ಕಿಂತ ಒರಟಾಗಿ ಕೇಳಿಸುತ್ತದೆ. ಬರೆದು ಶುರುವಾದ ವಿಷಯ ಮೂರು ನಾಲ್ಕು ಮೇಲ್‌ಗಳಾದರೂ ಬಗೆಹರಿಯದಿದ್ದರೆ, ಬೇಡವೆಂದವರೇ ಮೊದಲು ಫೋನ್ ಎತ್ತಿಕೊಳ್ಳುವುದು ಒಳ್ಳೆಯದು. ನಮ್ಮ ಟೆಸ್ಟಿಂಗ್ ಮುಖ್ಯಸ್ಥೆಯ ಪಟ್ಟಿ ಹೇಳಿದ ಹೊತ್ತಿಗೆ ಹೋಗದಿದ್ದರಂತೂ ಮ್ಯಾನೇಜರ್ ಮುಂದಿನ ಬಾರಿ ಅವರನ್ನು ಪೂರ್ತಿ ಒಂದು ಗಂಟೆ ಕೂರಿಸದೆ ಬಿಡುವುದಿಲ್ಲ.