ಐವತ್ತು ಪರ್ಸೆಂಟ್ ಎಲ್ಲಿಂದ ಬಂತು?

ಇಂಜಿನಿಯರಿಂಗ್ ಕೊನೆಯ ವರ್ಷದ ಪ್ರಾಜೆಕ್ಟ್ ವೈವಾ ಎಂದರೆ ಎದುರಿಗೆ ಇಬ್ಬರು ಪರೀಕ್ಷಕರು. ಒಬ್ಬರು ಅದೇ ಕಾಲೇಜಿನವರು, ಇನ್ನೊಬ್ಬರು ಬೇರೆ ಕಾಲೇಜಿನಿಂದ ಬಂದ ಎಕ್ಸ್‌ಟರ್ನಲ್. ಬೆಳಗಾವಿಯ ವಿಟಿಯು ಅಡಿ ಬರುವ ಕಾಲೇಜುಗಳಲ್ಲಿ ಓದಿದವರಿಗೆ ಈ ದೃಶ್ಯ ಗೊತ್ತು: ಒಂದರ ಹಿಂದೊಂದು ಬ್ಯಾಚ್, ಪ್ರತಿ ಬ್ಯಾಚಿನ ಪೆನ್ ಡ್ರೈವ್‌ನಲ್ಲೂ ಹೆಚ್ಚುಕಡಿಮೆ ಒಂದೇ ಪಿಪಿಟಿ. ಅದು ಸೀನಿಯರ್‌ಗಳಿಂದ ಬಂದದ್ದು, ಅವರಿಗೆ ಅವರ ಸೀನಿಯರ್‌ಗಳಿಂದ. ಹೆಸರು ಮತ್ತು ಯುಎಸ್‌ಎನ್ ಬದಲಾಗಿರುತ್ತವೆ. ಪೀಠಿಕೆ, ಸಾಹಿತ್ಯ ಸಮೀಕ್ಷೆ, ಈಗಿರುವ ವ್ಯವಸ್ಥೆ, ನಮ್ಮ ವ್ಯವಸ್ಥೆ, ಹಾರ್ಡ್‌ವೇರ್ ಪಟ್ಟಿ, ಬ್ಲಾಕ್ ಡಯಾಗ್ರಾಮ್, ಅನುಕೂಲಗಳು, ಉಪಸಂಹಾರ ಎಂಬ ಸಾಲು ಬದಲಾಗುವುದಿಲ್ಲ. ಇಪ್ಪತ್ತೈದು ಸ್ಲೈಡಿನಲ್ಲಿ ಫಲಿತಾಂಶಕ್ಕೆ ಸಿಗುವುದು ಒಂದೇ. ಅದರಲ್ಲೂ ಬ್ರೆಡ್‌ಬೋರ್ಡಿನ ಒಂದು ಫೋಟೊ, ಮೊಬೈಲ್ ಆ್ಯಪಿನ ಒಂದು ಸ್ಕ್ರೀನ್‌ಶಾಟ್.

ಪರೀಕ್ಷಕರು ಹಿಡಿಯುವುದು ಆ ಒಂದು ಸ್ಲೈಡನ್ನೇ. ಅದರ ಹಿಂದೆ ಎಷ್ಟು ಕೆಲಸ ಇರಬೇಕು, ಆ ಕೆಲಸ ಪರದೆಯ ಮೇಲೆ ಹೇಗೆ ಕಾಣಬೇಕು ಎಂಬುದನ್ನು ನಮ್ಮ ಕಾಲೇಜುಗಳಲ್ಲಿ ವರ್ಷವರ್ಷವೂ ಬರುವ ಒಂದು ಪ್ರಾಜೆಕ್ಟಿನಲ್ಲೇ ನೋಡೋಣ: ಮಣ್ಣಿನ ತೇವ ನೋಡಿ ತಾನೇ ಪಂಪ್ ಹಾಕುವ ನೀರಾವರಿ. ನಾಲ್ವರ ಬ್ಯಾಚ್ ಎಂದುಕೊಳ್ಳಿ. ಮುಂದೆ ಬರುವ ಅಳತೆಗಳೂ ಲೆಕ್ಕ ತೋರಿಸಲು ನಾನೇ ಇಟ್ಟುಕೊಂಡವು. ಕೈಯಲ್ಲಿ ಇಎಸ್‌ಪಿ-32 ಬೋರ್ಡ್, ಮಣ್ಣಿಗೆ ಚುಚ್ಚುವ ಕೆಪ್ಯಾಸಿಟಿವ್ ತೇವ ಸೆನ್ಸರ್, ಒಂದು ರಿಲೇ, ಒಂದು ಸಣ್ಣ ಪಂಪ್. ಪರದೆಯ ಮೇಲೆ ಆ್ಯಪಿನ ಚಿತ್ರ, ಅದರಲ್ಲಿ ದಪ್ಪಕ್ಷರದಲ್ಲಿ ‘ತೇವ 50%’.

“ಈ ಐವತ್ತು ಎಲ್ಲಿಂದ ಬಂತಮ್ಮಾ?”

“ಸೆನ್ಸರ್ ರೀಡಿಂಗ್ ಸರ್.”

“ಸೆನ್ಸರ್ ಪರ್ಸೆಂಟ್ ಕೊಡತ್ತಾ?”

ಕೊಡುವುದಿಲ್ಲ. ಸೆನ್ಸರ್ ಕೊಡುವುದು ವೋಲ್ಟೇಜ್. ಬೋರ್ಡ್ ಅದನ್ನು 0ಯಿಂದ 4095ರವರೆಗಿನ ಒಂದು ಸಂಖ್ಯೆ ಮಾಡಿಕೊಳ್ಳುತ್ತದೆ. ಮಣ್ಣು ಒಣಗಿದಷ್ಟೂ ಸಂಖ್ಯೆ ಮೇಲೆ, ನೆನೆದಷ್ಟೂ ಕೆಳಗೆ. ಪರ್ಸೆಂಟ್ ಹುಟ್ಟುವುದು ಪ್ರೋಗ್ರಾಮಿನ ಈ ಒಂದು ಸಾಲಿನಲ್ಲಿ:

```
int pct = map(raw, 3200, 1300, 0, 100);
```

ಸೆನ್ಸರನ್ನು ಗಾಳಿಯಲ್ಲಿ ಹಿಡಿದಾಗ 3200 ಬಂತು, ಅದನ್ನು ಸೊನ್ನೆ ಎಂದರು. ಲೋಟದ ನೀರಿನಲ್ಲಿ ಅದ್ದಿದಾಗ 1300 ಬಂತು, ಅದನ್ನು ನೂರು ಎಂದರು. ಮಣ್ಣಿನಲ್ಲಿ 2250 ಬಂದರೆ ಅದು ಎರಡರ ನಟ್ಟನಡುವೆ, ಆದ್ದರಿಂದ ಐವತ್ತು. ಅಂದರೆ ಈ ಐವತ್ತು ಹೇಳುವುದು ಗಾಳಿಗೂ ಲೋಟದ ನೀರಿಗೂ ನಡುವಿನ ದೂರವನ್ನು. ಮಣ್ಣು ಆ ಲೆಕ್ಕದಲ್ಲಿ ಎಲ್ಲೂ ಇಲ್ಲ. ಅಷ್ಟಕ್ಕೂ ಯಾವ ಹೊಲದ ಮಣ್ಣೂ ನೂರಕ್ಕೆ ನೂರು ನೀರಾಗಲಾರದು. ಕಣಗಳ ನಡುವಿನ ಜಾಗವೇ ಸುಮಾರಾಗಿ ಅರ್ಧದಷ್ಟು. ಅದು ಪೂರ್ತಿ ತುಂಬಿದರೂ ಗಾತ್ರದಲ್ಲಿ ನೀರಿನ ಪಾಲು ನೂರಕ್ಕೆ ನಲವತ್ತು ಐವತ್ತರ ಆಸುಪಾಸಿಗೆ ನಿಲ್ಲುತ್ತದೆ.

ನಿಜವಾದ ತೇವ ತಿಳಿಯುವ ವಿಧಾನ ಹಳೆಯದು, ಅಗ್ಗದ್ದು. ಪ್ರಾಜೆಕ್ಟ್ ಎಲೆಕ್ಟ್ರಾನಿಕ್ಸ್‌ನವರದ್ದಾದರೂ ಈ ಕೆಲಸಕ್ಕೆ ಸಿವಿಲ್ ವಿಭಾಗದ ಮಣ್ಣಿನ ಲ್ಯಾಬಿಗೆ ಹೋಗಬೇಕು. ನೂರು ಘನ ಸೆಂಟಿಮೀಟರ್ ಹಿಡಿಯುವ ಉಕ್ಕಿನ ಬಳೆಯೊಂದನ್ನು ಸೆನ್ಸರ್ ಇದ್ದ ಜಾಗದ ಪಕ್ಕದಲ್ಲೇ ಮಣ್ಣಿಗೆ ಒತ್ತಿ, ತುಂಬಿದ ಮಣ್ಣನ್ನು ಹಾಗೇ ಎತ್ತಿ ತೂಗಬೇಕು. 150 ಗ್ರಾಂ ಬಂತೆನ್ನಿ. ಅದನ್ನು ಓವನ್‌ನಲ್ಲಿ 105ರಿಂದ 110 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ದಿನ ಇಟ್ಟು ಮತ್ತೆ ತೂಗಿದಾಗ 130 ಗ್ರಾಂ. ಹೋದ 20 ಗ್ರಾಂ ನೀರು ಎಂದರೆ 20 ಘನ ಸೆಂಟಿಮೀಟರ್. ನೂರರಲ್ಲಿ ಇಪ್ಪತ್ತು. ಆ್ಯಪ್ ಐವತ್ತು ಎನ್ನುತ್ತಿದ್ದ ಹೊತ್ತಿನಲ್ಲಿ ಮಣ್ಣಿನಲ್ಲಿ ಇದ್ದದ್ದು ಇಪ್ಪತ್ತು.

ಒಂದು ಎಚ್ಚರ: ಇದೇ 20 ಗ್ರಾಮನ್ನು ಒಣ ಮಣ್ಣಿನ 130 ಗ್ರಾಮಿನಿಂದ ಭಾಗಿಸಿದರೆ 15.4 ಬರುತ್ತದೆ. ಅದೂ ಸರಿಯೇ, ಅದು ತೂಕದ ಲೆಕ್ಕ. ಮೊದಲಿನದು ಗಾತ್ರದ ಲೆಕ್ಕ. ಯಾವುದು ಎಂದು ಸ್ಲೈಡಿನಲ್ಲಿ ಬರೆಯದೆ ಬಿಟ್ಟರೆ ಮುಂದಿನ ಪ್ರಶ್ನೆಯೇ ಅದು.

ಇಷ್ಟು ಮಾಡಿದವರ ಬಳಿ ಪಿಪಿಟಿಯ ಅತಿ ಮುಖ್ಯ ಸ್ಲೈಡಿಗೆ ಬೇಕಾದದ್ದು ಬಂದಂತೆ. ಒಂದೇ ಮಣ್ಣನ್ನು ಆರು ಕುಂಡಗಳಲ್ಲಿ ಒಂದೇ ಹದಕ್ಕೆ ಅದುಮಿ ತುಂಬಿ, ಒಂದೊಂದಕ್ಕೆ ಒಂದೊಂದು ಪ್ರಮಾಣದ ನೀರು ಬೆರೆಸಿ, ಪ್ರತಿಯೊಂದರ ಸೆನ್ಸರ್ ಸಂಖ್ಯೆಯನ್ನೂ ಓವನ್ ಲೆಕ್ಕದ ತೇವವನ್ನೂ ಗುರುತಿಸಿಕೊಳ್ಳುವುದು. ಅಡ್ಡಕ್ಕೆ ಸೆನ್ಸರ್ ಸಂಖ್ಯೆ, ಉದ್ದಕ್ಕೆ ನಿಜ ತೇವ. ಆರು ಚುಕ್ಕಿ, ಅವುಗಳ ನಡುವೆ ಹಾಯುವ ಒಂದು ಗೆರೆ. ಆ ಗೆರೆಯ ಸಮೀಕರಣವೇ ಇನ್ನು `map` ಇದ್ದ ಸಾಲಿನ ಜಾಗಕ್ಕೆ ಹೋಗುತ್ತದೆ. ಗೆರೆ ಎಳೆಯಲು ಬಳಸದ ಇನ್ನೆರಡು ಕುಂಡ ಬೇಕು. ಒಂದರಲ್ಲಿ ನಿಜ ತೇವ 12, ಗೆರೆ ಹೇಳಿದ್ದು 14. ಇನ್ನೊಂದರಲ್ಲಿ ನಿಜ 23, ಗೆರೆ ಹೇಳಿದ್ದು 20. ಹಾಗಾದರೆ ಈ ಸೆನ್ಸರ್ ಈ ಮಣ್ಣಿನಲ್ಲಿ ಮೂರು ಅಂಕದವರೆಗೆ ತಪ್ಪಬಹುದು. ಎರಡೇ ಕುಂಡದ ಸಾಕ್ಷಿ ತೆಳುವಾದದ್ದು ನಿಜ. ಇನ್ನೂ ನಾಲ್ಕಿದ್ದರೆ ಒಳ್ಳೆಯದು, ಆದರೆ ಎರಡೂ ಇಲ್ಲದ ಬ್ಯಾಚ್‌ಗಳೇ ಹೆಚ್ಚು.

ಈ ಸ್ಲೈಡಿಗೆ ‘ಫಲಿತಾಂಶ’ ಎಂಬ ತಲೆಬರಹ ಸಾಲದು. ‘ಕೆಂಪು ಮಣ್ಣಿನ ಕುಂಡದಲ್ಲಿ ತೇವದ ಅಳತೆ ಮೂರು ಅಂಕದೊಳಗೆ ಸರಿ’ ಎಂದೇ ಬರೆಯಬಹುದು. ಓದಿದವರಿಗೆ ಗ್ರಾಫಿನಲ್ಲಿ ಏನು ಹುಡುಕಬೇಕೆಂದು ತಿಳಿಯುತ್ತದೆ.

ಆ ಮೂರರ ಮೇಲೆಯೇ ಮುಂದಿನ ಸ್ಲೈಡ್ ನಿಲ್ಲುತ್ತದೆ. ಫ್ಲೋಚಾರ್ಟಿನಲ್ಲಿ ಸಾಮಾನ್ಯವಾಗಿ ಒಂದೇ ಗಡಿ ಇರುತ್ತದೆ: ತೇವ 20ಕ್ಕಿಂತ ಕಡಿಮೆಯಾದರೆ ಪಂಪ್ ಆನ್, ಇಲ್ಲವಾದರೆ ಆಫ್. ಸೆನ್ಸರ್ ಸಂಖ್ಯೆ ನಿಂತಲ್ಲಿ ನಿಲ್ಲುವುದಿಲ್ಲ, ಕ್ಷಣಕ್ಷಣಕ್ಕೆ ಅಷ್ಟಿಷ್ಟು ಅಲುಗುತ್ತದೆ. 19.8, 20.1, 19.9 ಎನ್ನುತ್ತಿದ್ದರೆ ರಿಲೇ ಟಕಟಕ ಎನ್ನಲು ಶುರುಮಾಡುತ್ತದೆ, ಪಂಪ್ ಹೊತ್ತಿ ಆರಿ ಹೊತ್ತಿ ಆರಿ ಮೋಟಾರೂ ರಿಲೇಯ ಕಾಂಟ್ಯಾಕ್ಟೂ ಹಾಳಾಗುತ್ತವೆ. ಡೆಮೊ ಟೇಬಲ್ಲಿನ ಬಳಿ ಆ ಸದ್ದು ಕೇಳಿದ ಪರೀಕ್ಷಕರಿಗೆ ಕೋಡ್ ತೆರೆದು ನೋಡುವ ಅಗತ್ಯವೇ ಇರುವುದಿಲ್ಲ. ಇದಕ್ಕೆ ಎರಡು ಗಡಿ ಬೇಕು: 18ಕ್ಕೆ ಇಳಿದಾಗ ಆನ್, 26ಕ್ಕೆ ಏರಿದಾಗ ಆಫ್. ನಡುವಿನ ಎಂಟು ಅಂಕದ ಅಂತರ ಮೂರು ಅಂಕದ ತಪ್ಪಿಗಿಂತ ದೊಡ್ಡದು, ಅದಕ್ಕೇ ಅಷ್ಟು. ಹೀಗೆ ಹೇಳಿದಾಗ ಫ್ಲೋಚಾರ್ಟ್ ಈ ನಾಲ್ವರದೇ ಆಗುತ್ತದೆ.

ಇನ್ನು ‘ನೀರಿನಲ್ಲಿ ಅರ್ಧದಷ್ಟು ಉಳಿತಾಯ’ ಎಂಬ ಸಾಲು. ‘ಅನುಕೂಲಗಳು’ ಸ್ಲೈಡಿನಲ್ಲಿ ಇದು ಇದ್ದೇ ಇರುತ್ತದೆ, ಹೆಚ್ಚಾಗಿ ಯಾರೂ ಅಳೆಯದೆಯೇ. ಅಳೆಯುವುದು ಕಷ್ಟವಲ್ಲ. ಪಕ್ಕಪಕ್ಕದಲ್ಲಿ ಒಂದೇ ಅಳತೆಯ ಎರಡು ಮಡಿ, ಎರಡರಲ್ಲೂ ಒಂದೇ ಬೆಳೆ. ಒಂದಕ್ಕೆ ತೋಟದವರು ದಿನಾ ಬಿಡುವಷ್ಟೇ ನೀರು, ಇನ್ನೊಂದಕ್ಕೆ ಸೆನ್ಸರ್ ಹೇಳಿದಾಗ ಮಾತ್ರ. ಹತ್ತು ಲೀಟರಿನ ಬಕೆಟ್ ತುಂಬಲು ಪಂಪಿಗೆ 75 ಸೆಕೆಂಡ್ ಹಿಡಿದರೆ ನಿಮಿಷಕ್ಕೆ 8 ಲೀಟರ್. ಹತ್ತು ದಿನದಲ್ಲಿ ಮೊದಲ ಮಡಿಗೆ ಪಂಪ್ 60 ನಿಮಿಷ ಓಡಿತು, ಎರಡನೆಯದಕ್ಕೆ 42 ನಿಮಿಷ. 480 ಲೀಟರ್ ಮತ್ತು 336 ಲೀಟರ್. ಉಳಿದದ್ದು ನೂರಕ್ಕೆ ಮೂವತ್ತು. ಅರ್ಧವಲ್ಲ, ಆದರೆ ಈ ಮೂವತ್ತರ ಬುಡ ಕೆದಕಿದಷ್ಟೂ ಉತ್ತರ ಸಿಗುತ್ತದೆ. ಅದರ ಕೆಳಗೆ ಸಣ್ಣಕ್ಷರದಲ್ಲಲ್ಲ, ಅದೇ ಗಾತ್ರದಲ್ಲಿ ಬರೆಯಬೇಕಾದ್ದು: ಹತ್ತು ದಿನ, ಒಂದು ಜೋಡಿ ಮಡಿ, ನಡುವೆ ಮಳೆ ಬಂತೋ ಇಲ್ಲವೋ, ಕೊನೆಗೆ ಎರಡೂ ಮಡಿಯ ಗಿಡ ಹೇಗಿದ್ದವು. ಗಿಡ ಬಾಡಿಸಿ ನೀರು ಉಳಿಸುವುದು ಯಾರಿಗೂ ಬರುತ್ತದೆ.

ಈ ಮೂರು ಸ್ಲೈಡಿಗೆ ಸಮಯ ಬೇಕಾದರೆ ಬೇರೆಲ್ಲಿಂದಲೋ ಕಸಿಯಬೇಕು. ಹಾರ್ಡ್‌ವೇರ್ ಪಟ್ಟಿಯ ಪುಟಗಳಲ್ಲಿ ಒಂದೊಂದು ಬಿಡಿಭಾಗದ ಅಂಗಡಿ ಫೋಟೊ ತೋರಿಸುವುದನ್ನು ಪೂರ್ತಿ ಬಿಡಬಹುದು. ಆ ಪರೀಕ್ಷಕರು ರಿಲೇ ನೋಡದವರಲ್ಲ. ಸಾಹಿತ್ಯ ಸಮೀಕ್ಷೆಯಲ್ಲಿ ಹತ್ತು ಪೇಪರಿನ ಹೆಸರು, ಲೇಖಕರು, ವರ್ಷ ಎಂಬ ಕೋಷ್ಟಕ ಯಾರೂ ಓದುವುದಿಲ್ಲ. ಮೂರೇ ಪೇಪರ್ ಸಾಕು, ಆದರೆ ಅವರು ಯಾವ ಮಣ್ಣಿನಲ್ಲಿ ಅಳೆದರು, ಎಷ್ಟು ದಿನ, ಏನು ಬಿಟ್ಟರು ಎಂದಿರಲಿ.

ಪಟ್ಟಿ ತೆಗೆದ ಜಾಗದಲ್ಲಿ ಒಂದು ಸ್ಲೈಡನ್ನು ಕೆಟ್ಟುಹೋದದ್ದಕ್ಕೆ ಕೊಡುವುದು ನನ್ನ ಮಟ್ಟಿಗೆ ಲಾಭದ ವ್ಯಾಪಾರ. ಇಎಸ್‌ಪಿ-32ರಲ್ಲಿ ವೋಲ್ಟೇಜ್ ಅಳೆಯುವ ಎರಡು ಘಟಕಗಳಿವೆ. ಎರಡನೆಯ ಘಟಕದ ಪಿನ್‌ಗಳನ್ನು ವೈಫೈ ಓಡುತ್ತಿರುವಾಗ ನಂಬುವಂತಿಲ್ಲ, ಏಕೆಂದರೆ ಆ ಘಟಕವನ್ನು ವೈಫೈ ಕೂಡ ಬಳಸುತ್ತದೆ. ವೈಫೈ ಇಲ್ಲದೆ ಲ್ಯಾಬಿನಲ್ಲಿ ಸರಿ ಇದ್ದ ಸೆನ್ಸರ್, ಆ್ಯಪ್ ಜೋಡಿಸಿದ ಕೂಡಲೇ ಅರ್ಥವಿಲ್ಲದ ಸಂಖ್ಯೆ ಕೊಡುತ್ತದೆ. ಸೆನ್ಸರ್ ಕೆಟ್ಟಿತೆಂದು ಹೊಸದು ತರಿಸುವವರಿದ್ದಾರೆ. ತಂತಿಯನ್ನು ಮೊದಲ ಘಟಕದ ಪಿನ್‌ಗೆ, ಉದಾಹರಣೆಗೆ GPIO34ಕ್ಕೆ ಬದಲಿಸಿದರೆ ಸರಿಹೋಗುತ್ತದೆ. ಇದನ್ನು ಕಂಡುಕೊಂಡ ವಿದ್ಯಾರ್ಥಿನಿ ಅದನ್ನು ಎರಡು ಸಾಲಿನಲ್ಲಿ ಹೇಳಿದರೆ, ಬೋರ್ಡ್ ರೆಡಿಮೇಡ್ ತಂದದ್ದಲ್ಲ ಎಂಬುದಕ್ಕೆ ಬೇರೆ ಪುರಾವೆ ಬೇಡ. ಅಂಕ ಒಬ್ಬೊಬ್ಬರಿಗೂ ಬೇರೆಬೇರೆ. ಹಾಗಾಗಿ ಆ ಸ್ಲೈಡನ್ನು ಹುಡುಕಿದವರೇ ಹೇಳಬೇಕು. ಬ್ಯಾಚಿನಲ್ಲಿ ಇಂಗ್ಲಿಷ್ ಚೆನ್ನಾಗಿರುವ ಒಬ್ಬನೇ ಎಲ್ಲ ಸ್ಲೈಡ್ ಓದಿದರೆ, ಎಕ್ಸ್‌ಟರ್ನಲ್ ಪ್ರಶ್ನೆ ಕೇಳುವುದು ಮೂಲೆಯಲ್ಲಿ ನಿಂತವರನ್ನೇ.

‘ಥ್ಯಾಂಕ್ ಯು’ ಆದ ಮೇಲೂ ಕೆಲವು ಸ್ಲೈಡ್ ಇರಲಿ. ಪೂರ್ತಿ ಸರ್ಕ್ಯೂಟ್, ಆರೂ ಕುಂಡದ ತೂಕಗಳ ಕೋಷ್ಟಕ, ಖರ್ಚಿನ ಲೆಕ್ಕ, ಕೋಡಿನ ಮುಖ್ಯ ಭಾಗ. ಇವನ್ನು ತಾವಾಗಿ ತೋರಿಸುವುದಿಲ್ಲ, ಕೇಳಿದಾಗ ತೆರೆಯುವುದು. ಜೊತೆಗೆ ಅರ್ಧ ನಿಮಿಷದ ಒಂದು ವಿಡಿಯೊ: ತೇವ 18ಕ್ಕೆ ಇಳಿಯುವುದು, ಪಂಪ್ ಹೊತ್ತಿಕೊಳ್ಳುವುದು. ವೈವಾ ಕೋಣೆಯಲ್ಲಿ ಕಾಲೇಜಿನ ವೈಫೈ ಕೈಕೊಟ್ಟಾಗ ಅದು ಬೇಕಾಗುತ್ತದೆ.

ಉಳಿದದ್ದು ‘ಮುಂದಿನ ಸಾಧ್ಯತೆಗಳು’. ಸೋಲಾರ್ ಸೇರಿಸಬಹುದು, ಎಐ ಸೇರಿಸಬಹುದು ಎಂದು ಬರೆಯುವುದು ರೂಢಿ. ಆದರೆ ಕುಂಡದ ಕೆಲಸ ಮಾಡಿದವರಿಗೆ ಮುಂದೇನು ಎಂಬುದು ಆಗಲೇ ಗೊತ್ತಿರುತ್ತದೆ. ಅವರ ಗೆರೆ ಕೆಂಪು ಮಣ್ಣಿನದು. ಅದೇ ಸೆನ್ಸರನ್ನು ವಿಜಯಪುರದ ಕಡೆಯ ಎರೆಮಣ್ಣಿಗೆ ಚುಚ್ಚಿದರೆ ಆ ಸಮೀಕರಣ ನಡೆಯುವುದಿಲ್ಲ. ಒಣಗಿದಾಗ ಎರೆ ಕುಗ್ಗಿ ಬಿರಿಯುತ್ತದೆ, ಸೆನ್ಸರಿಗೂ ಮಣ್ಣಿಗೂ ನಡುವೆ ಗಾಳಿಯ ಸಂದಿ ಬೀಳುತ್ತದೆ, ಇರುವುದಕ್ಕಿಂತ ಹೆಚ್ಚು ಒಣಗಿದೆ ಎಂಬ ಸಂಖ್ಯೆ ಬರುತ್ತದೆ, ಪಂಪ್ ಬೇಡದಿದ್ದರೂ ಓಡುತ್ತದೆ. ಎರೆಮಣ್ಣಿಗೆ ಬೇರೆ ಗೆರೆ ಎಳೆಯಬೇಕು, ಸೆನ್ಸರನ್ನು ಬಿರುಕು ಮುಟ್ಟದ ಆಳದಲ್ಲಿ ಹೂಳಬೇಕು, ಆಗ ಅದರ ಮೇಲ್ತುದಿಯ ಸರ್ಕ್ಯೂಟಿಗೆ ನೀರು ಹೋಗದಂತೆ ಎಪಾಕ್ಸಿ ಬಳಿಯಬೇಕು. ಮುಂದಿನ ವರ್ಷದ ಬ್ಯಾಚ್ ಪೆನ್ ಡ್ರೈವ್ ಕೇಳಿಕೊಂಡು ಬಂದಾಗ ಅವರಿಗೆ ಕೆಲಸ ಕೊಡುವ ಸ್ಲೈಡ್ ಇದೊಂದೇ.