ಒಂಬತ್ತನ್ನು ಹೊರಗಿಟ್ಟರೆ ನಿಲ್ಲುವ ಮೊತ್ತ

1 + 1/2 + 1/3 + 1/4 ಎಂದು ಕೂಡುತ್ತಾ ಹೋಗಿ. ಇದು ಹರಾತ್ಮಕ ಶ್ರೇಣಿ. ಮೊತ್ತ ಏರುವುದು ತೀರಾ ನಿಧಾನ. ಹತ್ತು ಲಕ್ಷ ಪದಗಳನ್ನು ಕೂಡಿದರೂ 14.4ರ ಹತ್ತಿರವಷ್ಟೇ ಬರುತ್ತದೆ. ಆದರೂ ಅದಕ್ಕೆ ಮೇಲ್ಮಿತಿ ಎಂಬುದಿಲ್ಲ. ಸಾವಿರ ಬೇಕೆಂದರೆ ಸಾವಿರವನ್ನೂ, ಕೋಟಿ ಬೇಕೆಂದರೆ ಕೋಟಿಯನ್ನೂ ಅದು ಒಂದಲ್ಲ ಒಂದು ದಿನ ದಾಟಿಯೇ ತೀರುತ್ತದೆ. 14ನೆಯ ಶತಮಾನದಲ್ಲೇ ಫ್ರಾನ್ಸಿನ ನಿಕೋಲ್ ಓರೆಮ್ ಇದನ್ನು ಸಾಧಿಸಿ ತೋರಿಸಿದ್ದ.

ಈಗ ಛೇದದಲ್ಲಿ ಎಲ್ಲಾದರೂ 9 ಇದ್ದರೆ ಆ ಪದವನ್ನು ತೆಗೆದುಹಾಕೋಣ. 1/9, 1/19, 1/90, 1/1948 ಎಲ್ಲವೂ ಹೊರಕ್ಕೆ. ಉಳಿದವುಗಳ ಮೊತ್ತ ಎಷ್ಟು ಕೂಡಿದರೂ 80ನ್ನು ದಾಟುವುದಿಲ್ಲ ಎಂದು 1914ರಲ್ಲಿ ಎ. ಜೆ. ಕೆಂಪ್ನರ್ ಎಂಬ ಗಣಿತಜ್ಞ ತೋರಿಸಿದರು. ಮೊದಲ ಬಾರಿ ಕೇಳಿದವರಿಗೆ ಇದು ನಂಬುವ ಮಾತಲ್ಲ. ನೂರರೊಳಗೆ 9 ಇರುವ ಸಂಖ್ಯೆಗಳು ಬರೀ 19. ಅಷ್ಟನ್ನು ಕಿತ್ತರೆ ಅನಂತ ಹೇಗೆ ಬಗ್ಗುತ್ತದೆ?

ಲೆಕ್ಕ ಸುಲಭ, ಸಂಖ್ಯೆಗಳನ್ನು ಎಷ್ಟು ಅಂಕಿಯವು ಎಂದು ಗುಂಪು ಮಾಡಿಕೊಂಡರೆ ಸಾಕು. ಒಂದಂಕಿಯಲ್ಲಿ 9 ಇಲ್ಲದವು 1ರಿಂದ 8ರವರೆಗೆ, ಎಂಟು. ಎರಡಂಕಿಯಲ್ಲಿ ಮೊದಲ ಸ್ಥಾನಕ್ಕೆ ಎಂಟು ಆಯ್ಕೆ, ಎರಡನೆಯದಕ್ಕೆ ಸೊನ್ನೆಯೂ ಸೇರಿ ಒಂಬತ್ತು, ಒಟ್ಟು 72. ಮೂರಂಕಿಯಲ್ಲಿ 648. ಅಂಕಿ ಒಂದು ಹೆಚ್ಚಿದಾಗಲೆಲ್ಲ ಸಂಖ್ಯೆಗಳು ಒಂಬತ್ತು ಪಟ್ಟಾಗುತ್ತವೆ.

ಇನ್ನು ಪದಗಳ ಗಾತ್ರ. ಒಂದಂಕಿಯ ಪದ ಯಾವುದೂ 1ಕ್ಕಿಂತ ದೊಡ್ಡದಲ್ಲ, ಎರಡಂಕಿಯದು 1/10ಕ್ಕಿಂತ ದೊಡ್ಡದಲ್ಲ, ಮೂರಂಕಿಯದು 1/100ಕ್ಕಿಂತ ದೊಡ್ಡದಲ್ಲ. ಆದ್ದರಿಂದ ಮೊದಲ ಗುಂಪಿನ ಮೊತ್ತ 8ನ್ನು ಮೀರದು, ಎರಡನೆಯದು 7.2ನ್ನು, ಮೂರನೆಯದು 6.48ನ್ನು. ಸಂಖ್ಯೆಗಳು ಒಂಬತ್ತು ಪಟ್ಟು ಹೆಚ್ಚುವಾಗ ಪದಗಳ ಮಿತಿ ಹತ್ತು ಪಟ್ಟು ಕುಗ್ಗುತ್ತದೆ. ಹೀಗಾಗಿ ಪ್ರತಿ ಗುಂಪಿನ ಮಿತಿ ಹಿಂದಿನದರ 0.9 ಪಾಲು:

8 × (1 + 0.9 + 0.81 + …)

ಆವರಣದೊಳಗಿನದು ಗುಣೋತ್ತರ ಶ್ರೇಣಿ. ಅದರ ಮೊತ್ತದಿಂದ ಅದರದೇ 0.9 ಪಾಲನ್ನು ಕಳೆದರೆ 1 ಉಳಿಯುತ್ತದೆ. ಅಂದರೆ ಮೊತ್ತ 10. ಎಂಟು ಹತ್ತಲಿ ಎಂಬತ್ತು. ಪದಗಳೆಲ್ಲ ಧನಾತ್ಮಕವಾದ್ದರಿಂದ ಮೊತ್ತ ಏರುವುದೇ ಹೊರತು ಇಳಿಯುವುದಿಲ್ಲ. ಏರುತ್ತಲೇ ಇದ್ದು 80ನ್ನು ದಾಟಲಾಗದ್ದು ಎಲ್ಲೋ ಒಂದು ಕಡೆ ನೆಲೆಗೊಳ್ಳಲೇಬೇಕು.

ಇದೇ ಗುಂಪುಗಾರಿಕೆಯನ್ನು ಮೂಲ ಶ್ರೇಣಿಗೆ ಹಚ್ಚಿ ನೋಡಿದರೆ ವ್ಯತ್ಯಾಸ ಎಲ್ಲಿದೆ ಎಂದು ಗೊತ್ತಾಗುತ್ತದೆ. ಅಲ್ಲಿ ಎರಡಂಕಿಯ ಪದಗಳು 90, ಪ್ರತಿಯೊಂದೂ 1/100ಕ್ಕಿಂತ ದೊಡ್ಡದು. ಮೂರಂಕಿಯವು 900, ಪ್ರತಿಯೊಂದೂ 1/1000ಕ್ಕಿಂತ ದೊಡ್ಡದು. ಪ್ರತಿ ಗುಂಪೂ 0.9ಕ್ಕಿಂತ ಹೆಚ್ಚನ್ನು ತಪ್ಪದೇ ತಂದು ಸೇರಿಸುತ್ತದೆ, ಆದ್ದರಿಂದ ಮೊತ್ತಕ್ಕೆ ತಡೆಯಿಲ್ಲ.

ನಮ್ಮ ಅಂದಾಜು ಎಡವುವುದು ಚಿಕ್ಕ ಸಂಖ್ಯೆಗಳನ್ನೇ ನೋಡುವುದರಿಂದ. ನೂರಂಕಿಯ ಸಂಖ್ಯೆಯೊಂದರ ನೂರು ಸ್ಥಾನಗಳಲ್ಲಿ ಒಂದರಲ್ಲೂ 9 ಬಾರದಿರುವುದು ಅಪರೂಪ. ಸುಮಾರು 38 ಸಾವಿರಕ್ಕೆ ಒಂದು ಹಾಗಿರುತ್ತದೆ. ನಾವು ಕಿತ್ತದ್ದು ಚೂರುಪಾರು ಅಲ್ಲ, ಹೆಚ್ಚುಕಡಿಮೆ ಎಲ್ಲವನ್ನೂ.

ನಿಜವಾದ ಮೊತ್ತ 80ರ ಸಮೀಪವೂ ಇಲ್ಲ. 80 ಬಂದದ್ದು 10ರಿಂದ 88ರವರೆಗಿನ ಎಲ್ಲಕ್ಕೂ 1/10 ಎಂದು ಧಾರಾಳವಾಗಿ ಕೊಟ್ಟದ್ದರಿಂದ. ಮೊದಲ ಅಂಕಿಯನ್ನೂ ಗಮನಿಸಿ, ಇಪ್ಪತ್ತರ ಸಾಲಿಗೆ 1/20, ಮೂವತ್ತರ ಸಾಲಿಗೆ 1/30 ಎಂದು ಕೊಡುತ್ತಾ ಹೋದರೆ ಮಿತಿ 10 × (1 + 1/2 + … + 1/8), ಅಂದರೆ 27.18ರಷ್ಟಕ್ಕೆ ಇಳಿಯುತ್ತದೆ. ಅದೇ ಸಾಲುಗಳಿಗೆ ಕೈಬಿಗಿ ಹಿಡಿದು 1/30, 1/40 ಎಂದು ಕೊಟ್ಟರೆ 18.28ಕ್ಕಿಂತ ಹೆಚ್ಚಿದೆ ಎಂಬುದೂ ಸಿಗುತ್ತದೆ. ನಿಖರ ಬೆಲೆ ಸುಮಾರು 22.92. ಒಂದೊಂದೇ ಪದ ಕೂಡಿ ಇದನ್ನು ಮುಟ್ಟುವ ಆಸೆ ಬೇಡ. 27 ಅಂಕಿಯವರೆಗಿನ ಪದಗಳನ್ನೆಲ್ಲ ಕೂಡಿದರೂ 22 ಆಗುವುದಿಲ್ಲ. ರಾಬರ್ಟ್ ಬೇಲಿ 1979ರಲ್ಲಿ ಇಂಥ ಮೊತ್ತಗಳನ್ನು 20 ದಶಮಾಂಶ ಸ್ಥಾನಗಳವರೆಗೆ ಕಂಡುಹಿಡಿದದ್ದು ಬೇರೆಯೇ ಜಾಣ ವಿಧಾನದಿಂದ.

9ರಲ್ಲಿ ವಿಶೇಷವೇನೂ ಇಲ್ಲ. 7ನ್ನು ತೆಗೆಯಿರಿ, ಅದೇ 80. ಸೊನ್ನೆಯನ್ನು ತೆಗೆದರೆ ಮೊದಲ ಸ್ಥಾನಕ್ಕೂ ಒಂಬತ್ತು ಆಯ್ಕೆ ಇರುವುದರಿಂದ ಮಿತಿ 90. ಒಂದೇ ಅಂಕಿಯ ಬದಲು ಅಂಕಿಗಳ ಒಂದು ಸರಣಿಯನ್ನೇ ನಿಷೇಧಿಸಿದರೂ ವಾದ ನಿಲ್ಲುತ್ತದೆ: ಹತ್ತಂಕಿಯ ಸರಣಿಯಾದರೆ ಸಂಖ್ಯೆಗಳನ್ನು ಬಲದಿಂದ ಹತ್ತು ಹತ್ತು ಅಂಕಿಗಳ ತುಂಡು ಮಾಡಿ, ಪ್ರತಿ ತುಂಡನ್ನೂ ಒಂದೇ 'ಅಂಕಿ' ಎಂದು ಎಣಿಸಬೇಕು. ಆಗ 0.9ರ ಜಾಗದಲ್ಲಿ 0.9999999999 ಬರುತ್ತದೆ. ಮಿತಿ ಭಾರೀ ದೊಡ್ಡದಾದೀತು, ಆದರೆ 1ಕ್ಕಿಂತ ಕಡಿಮೆ ಇರುವವರೆಗೆ ಮಿತಿ ಇದ್ದೇ ಇರುತ್ತದೆ.

ಇದರಿಂದ ಪುಕ್ಕಟೆಯಾಗಿ ಒಂದು ಫಲ ಸಿಗುತ್ತದೆ. ಅವಿಭಾಜ್ಯ ಸಂಖ್ಯೆಗಳನ್ನಷ್ಟೇ ಛೇದದಲ್ಲಿಟ್ಟು 1/2 + 1/3 + 1/5 + 1/7 ಎಂದು ಕೂಡಿದರೂ ಮೊತ್ತಕ್ಕೆ ಮಿತಿಯಿಲ್ಲ ಎಂದು ಆಯ್ಲರ್ 18ನೆಯ ಶತಮಾನದಲ್ಲಿ ತೋರಿಸಿದ್ದ. ನಿಮ್ಮ ಹತ್ತಂಕಿಯ ಮೊಬೈಲ್ ನಂಬರನ್ನು ಒಳಗೊಂಡ ಅವಿಭಾಜ್ಯಗಳು ಕೆಲವೇ ಇದ್ದಿದ್ದರೆ, ಅವನ್ನು ಬಿಟ್ಟು ಉಳಿದ ಅವಿಭಾಜ್ಯಗಳ ಮೊತ್ತಕ್ಕೆ ಈಗಷ್ಟೇ ಕಂಡ ಮಿತಿ ಅನ್ವಯಿಸಿ ಆಯ್ಲರನ ಮಾತು ಸುಳ್ಳಾಗಬೇಕಿತ್ತು. ಆದ್ದರಿಂದ ಆ ನಂಬರು, ಅಂಕಿಗಳ ಕ್ರಮ ಒಂದಿಷ್ಟೂ ಕೆಡದೆ, ಲೆಕ್ಕವಿಲ್ಲದಷ್ಟು ಅವಿಭಾಜ್ಯ ಸಂಖ್ಯೆಗಳೊಳಗೆ ಇದೆ.