ಉತ್ತರದ ಅಕ್ಷರ ಸಾಕೇ, ಕಾರಣವೂ ಬೇಕೇ?

ಪರೀಕ್ಷೆಯ ದಿನಗಳು ಸಮೀಪಿಸುತ್ತಿದ್ದಂತೆ ಮೈಸೂರಿನ ಉದಯಗಿರಿಯಂತಹ ಬಡಾವಣೆಗಳ ಮನೆಮನೆಗಳಲ್ಲಿ ಒಂದು ಬಗೆಯ ಹಾಳೆ ಕಾಣಿಸಿಕೊಳ್ಳುತ್ತದೆ. ಅದರಲ್ಲಿ ಪ್ರಶ್ನೆಯೂ ಇಲ್ಲ, ಪಾಠವೂ ಇಲ್ಲ. ಒಂದು—ಬಿ, ಎರಡು—ಡಿ, ಮೂರು—ಎ ಎಂದು ಅಂಕಿ ಮತ್ತು ಅಕ್ಷರಗಳ ಸಾಲು ಮಾತ್ರ ಇರುತ್ತದೆ. ಇದನ್ನೇ ಮಕ್ಕಳು 'ಕೀ ಉತ್ತರ' ಎಂದು ಕರೆಯುತ್ತಾರೆ. ತಾವು ಗುರುತು ಹಾಕಿದ ಉತ್ತರಗಳನ್ನು ಇದರೊಡನೆ ತಾಳೆ ನೋಡಿ, ಅಂಕ ಎಣಿಸಿ, ಹಾಳೆಯನ್ನು ಬದಿಗಿಡುತ್ತಾರೆ. ಈ ಹಾಳೆ ಮಗುವಿಗೆ ಏನನ್ನು ಕಲಿಸಿತು, ಏನನ್ನು ಕಲಿಸದೆ ಉಳಿಸಿತು ಎಂಬುದನ್ನು ಓದುಗ ಬಂಧುಗಳೊಡನೆ ವಿಚಾರ ಮಾಡಬೇಕೆಂಬುದು ನಮ್ಮ ಉದ್ದೇಶ.

ಬಹು ಆಯ್ಕೆಯ ಪ್ರಶ್ನೆಗಳು ನಮ್ಮ ಮಕ್ಕಳಿಗೆ ಹೊಸವಲ್ಲ. ವೃತ್ತಿ ಶಿಕ್ಷಣದ ಸಾಮಾನ್ಯ ಪ್ರವೇಶ ಪರೀಕ್ಷೆ, ಅಂದರೆ ಸಿ.ಇ.ಟಿ., ಈ ಬಗೆಯದೇ. ಅಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಜೀವಶಾಸ್ತ್ರಗಳಿಗೆ ತಲಾ 60 ಪ್ರಶ್ನೆಗಳಿದ್ದು, ತಪ್ಪು ಉತ್ತರಕ್ಕೆ ಅಂಕ ಕಳೆಯುವ ಪದ್ಧತಿಯಿಲ್ಲ. ಕೋವಿಡ್ ಹಾವಳಿಯ ಕಾರಣ 2021ರ ಜುಲೈ 19 ಮತ್ತು 22ರಂದು ನಡೆದ ಎಸ್.ಎಸ್.ಎಲ್.ಸಿ. ಪರೀಕ್ಷೆ ಕೂಡ ಸಂಪೂರ್ಣವಾಗಿ ಬಹು ಆಯ್ಕೆಯ ಪ್ರಶ್ನೆಗಳಿಂದಲೇ ಕೂಡಿತ್ತು. ಹೀಗಾಗಿ ಎ, ಬಿ, ಸಿ, ಡಿ ಎಂಬ ನಾಲ್ಕು ಅಕ್ಷರಗಳ ವಿಚಾರ ಇಂದು ಮನೆಮನೆಯ ವಿಚಾರವಾಗಿದೆ.

ಒಂದೇ ಲೆಕ್ಕ, ನಾಲ್ಕು ಮನಸ್ಸು

ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಅಂಗಡಿಯವನೊಬ್ಬನು 500 ರೂಪಾಯಿಯ ಸೀರೆಯ ಬೆಲೆಯನ್ನು ಶೇಕಡಾ 20ರಷ್ಟು ಏರಿಸಿ, ಅನಂತರ ಆ ಹೊಸ ಬೆಲೆಯನ್ನು ಶೇಕಡಾ 20ರಷ್ಟು ಇಳಿಸಿದನು. ಈಗ ಸೀರೆಯ ಬೆಲೆ ಎಷ್ಟು? ಆಯ್ಕೆಗಳು ಇವು: (ಎ) 500, (ಬಿ) 480, (ಸಿ) 600, (ಡಿ) 400. ಕೀ ಉತ್ತರದ ಹಾಳೆ ಹೇಳುವುದು ಒಂದೇ ಅಕ್ಷರ: ಬಿ.

ತಪ್ಪು ಮಾಡಿದ ಮಕ್ಕಳನ್ನು ನೋಡೋಣ. (ಎ) ಎಂದು ಬರೆದ ಮಗು, ಇಪ್ಪತ್ತು ಏರಿ ಇಪ್ಪತ್ತು ಇಳಿದರೆ ಎರಡೂ ಸರಿಹೋಗುತ್ತವೆ ಎಂದು ನಂಬಿದೆ. ಶೇಕಡಾ ಎಂಬುದು ಯಾವ ಮೊತ್ತದ ಶೇಕಡಾ ಎಂಬ ತಿಳಿವಳಿಕೆಯೇ ಅದಕ್ಕೆ ಬಂದಿಲ್ಲ. (ಸಿ) ಎಂದು ಬರೆದ ಮಗುವಿಗೆ ಶೇಕಡಾ ಗೊತ್ತು. ಅದು ಅವಸರದಲ್ಲಿ ಪ್ರಶ್ನೆಯ ಅರ್ಧವನ್ನಷ್ಟೇ ಓದಿ ಮೊದಲ ಹಂತದಲ್ಲಿಯೇ ನಿಂತಿದೆ. (ಡಿ) ಎಂದು ಬರೆದ ಮಗು ಏರಿಕೆಯನ್ನು ಬಿಟ್ಟು, 500ರಿಂದಲೇ ನೂರನ್ನು ಕಳೆದಿದೆ. ಮೂವರ ತಪ್ಪಿಗೂ ಮೂರು ಬೇರೆ ಬೇರೆ ಕಾರಣಗಳಿವೆ. ಆದರೆ ಅಕ್ಷರದ ಹಾಳೆ ಮೂವರಿಗೂ ಒಂದೇ ಮಾತು ಹೇಳುತ್ತದೆ: ನಿನ್ನದು ತಪ್ಪು, ಸರಿಯಾದುದು ಬಿ.

ಸರಿಯುತ್ತರ ಬರೆದವರಲ್ಲಿಯೂ ಇಂತಹುದೇ ತೊಡಕಿದೆ. ನಾಲ್ಕು ಆಯ್ಕೆಗಳಿರುವಾಗ ಏನೂ ತಿಳಿಯದವನು ಕಣ್ಣುಮುಚ್ಚಿ ಗುರುತು ಹಾಕಿದರೂ ನಾಲ್ಕರಲ್ಲಿ ಒಂದು ಪಾಲು ಸರಿಯಾಗುವ ಸಂಭವವಿದೆ. 60 ಪ್ರಶ್ನೆಗಳಲ್ಲಿ ಅದು ಸರಾಸರಿ 15 ಅಂಕ. ಆದ್ದರಿಂದ ಹಾಳೆಯೊಡನೆ ತಾಳೆಯಾದ ಮಾತ್ರಕ್ಕೆ ಮಗುವಿಗೆ ವಿಷಯ ತಿಳಿದಿದೆ ಎಂದು ನಿರ್ಧರಿಸಲಾಗದು.

ವಿವರಣೆಯ ಮೂರು ಅಳತೆ

ಮೇಲಿನ ಲೆಕ್ಕಕ್ಕೆ ಮೂರು ಅಳತೆಯಲ್ಲಿ ಉತ್ತರ ಕೊಡಬಹುದು. ಮೊದಲನೆಯದು 'ಬಿ' ಎಂಬ ಅಕ್ಷರ. ಎರಡನೆಯದು ಒಂದು ವಾಕ್ಯ: 'ಬಿ, 480 ರೂಪಾಯಿ, ಎರಡನೆಯ ಶೇಕಡಾ 20ನ್ನು 500ರ ಮೇಲೆ ಲೆಕ್ಕ ಹಾಕದೆ 600ರ ಮೇಲೆ ಹಾಕಬೇಕು, ಅದು 120.' ಮೂರನೆಯದು ಹಂತಹಂತವಾದ ಬಿಡಿಸಿದ ಲೆಕ್ಕ: 500ರ ಶೇಕಡಾ 20 ಎಂದರೆ 100, ಹೊಸ ಬೆಲೆ 600, 600ರ ಶೇಕಡಾ 20 ಎಂದರೆ 120, 600ರಲ್ಲಿ 120 ಕಳೆದರೆ 480.

ಎರಡನೆಯ ಅಳತೆಯ ಆ ಒಂದು ವಾಕ್ಯವನ್ನು ಗಮನಿಸಬೇಕು. ಅದು ಸರಿಯುತ್ತರವನ್ನು ಹೇಳುವುದರ ಜೊತೆಗೆ, ಮಗು ಎಲ್ಲಿ ಎಡವಿತೋ ಆ ಸ್ಥಳಕ್ಕೇ ಬೆರಳಿಡುತ್ತದೆ. ಒಳ್ಳೆಯ ಕಿರುವಿವರಣೆಯ ಲಕ್ಷಣ ಇದೇ ಎಂದು ನಾವು ಭಾವಿಸುತ್ತೇವೆ. 'ಶೇಕಡಾ ಸೂತ್ರದಿಂದ ಬಂದಿದೆ' ಎಂದು ಬರೆದರೆ ಅದು ವಿವರಣೆಯಂತೆ ಕಾಣುವ ಮತ್ತೊಂದು ಅಕ್ಷರವಷ್ಟೇ.

ಈ ವಿಷಯವನ್ನು ಮನಃಶಾಸ್ತ್ರಜ್ಞರು ಪ್ರಯೋಗ ಮಾಡಿ ನೋಡಿದ್ದಾರೆ. ಅಮೆರಿಕದ ಆಂಡ್ರ್ಯೂ ಬಟ್ಲರ್ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪಠ್ಯಭಾಗವನ್ನು ಓದಿ ಪ್ರಶ್ನೆಗಳಿಗೆ ಉತ್ತರಿಸಿದ ವಿದ್ಯಾರ್ಥಿಗಳಿಗೆ ಕೆಲವೆಡೆ ಸರಿಯುತ್ತರವನ್ನು ಮಾತ್ರ, ಕೆಲವೆಡೆ ಅದರೊಡನೆ ವಿವರಣೆಯನ್ನೂ ಕೊಡಲಾಯಿತು. ಅನಂತರದ ಪರೀಕ್ಷೆಯಲ್ಲಿ ಅದೇ ಪ್ರಶ್ನೆ ಮರಳಿ ಬಂದಾಗ ಎರಡು ಕ್ರಮಗಳೂ ಸರಿಸುಮಾರು ಸಮಾನವಾಗಿದ್ದವು. ಆದರೆ ಅದೇ ತತ್ತ್ವವನ್ನು ಹೊಸ ಸಂದರ್ಭಕ್ಕೆ ಅನ್ವಯಿಸಬೇಕಾದ ಪ್ರಶ್ನೆಗಳಲ್ಲಿ ವಿವರಣೆ ಪಡೆದ ಕಡೆ ಫಲಿತಾಂಶ ಉತ್ತಮವಾಗಿತ್ತು. ಹಳೆಯ ಪ್ರಶ್ನೆ ಹಾಗೆಯೇ ಬರುವುದಾದರೆ ಉತ್ತರ ಸಾಕು. ಪ್ರಶ್ನೆ ವೇಷ ಬದಲಿಸಿ ಬರುವುದಾದರೆ ಕಾರಣ ಬೇಕು.

ಎಲ್ಲರಿಗೂ ಒಂದೇ ಅಳತೆ ಸಲ್ಲದು

ಹಾಗಾದರೆ ಪ್ರತಿಯೊಂದು ಪ್ರಶ್ನೆಗೂ, ಪ್ರತಿಯೊಬ್ಬ ಮಗುವಿಗೂ ದೀರ್ಘ ವಿವರಣೆ ಕೊಟ್ಟರೆ ಒಳಿತಲ್ಲವೇ ಎಂದು ಕೇಳಬಹುದು. ಹಾಗಾಗುವುದಿಲ್ಲ. ಆಸ್ಟ್ರೇಲಿಯಾದ ಸ್ಲಾವಾ ಕಾಲ್ಯುಗಾ, ಜಾನ್ ಸ್ವೆಲ್ಲರ್ ಮತ್ತು ಸಂಗಡಿಗರು 2003ರಲ್ಲಿ ವಿವರಿಸಿದ ಸಂಗತಿಯೊಂದು ಇಲ್ಲಿ ಪ್ರಸ್ತುತ. ಹೊಸದಾಗಿ ಕಲಿಯುವವನಿಗೆ ಹಂತಹಂತದ ವಿವರಣೆ ಊರುಗೋಲಾಗುತ್ತದೆ. ಅದೇ ವಿವರಣೆ ವಿಷಯ ಬಲ್ಲವನಿಗೆ ತೊಡಕಾಗುತ್ತದೆ. ಬಲ್ಲವನು ತನ್ನ ಮನಸ್ಸಿನಲ್ಲಿರುವ ದಾರಿಯನ್ನು ಬಿಟ್ಟು, ಹಾಳೆಯ ಮೇಲಿನ ದಾರಿಯನ್ನು ತನ್ನದರೊಡನೆ ಹೋಲಿಸಲು ಅನಾವಶ್ಯಕವಾಗಿ ಶ್ರಮಪಡಬೇಕಾಗುತ್ತದೆ.

ಪ್ರಶ್ನೆಯ ಸ್ವಭಾವವೂ ಮುಖ್ಯ. ಮೈಸೂರು ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದ ದಿನ ಯಾವುದು ಎಂಬ ಪ್ರಶ್ನೆಗೆ 1973ರ ನವೆಂಬರ್ 1 ಎಂಬ ಉತ್ತರವೇ ಸಾಕು; ದಿನಾಂಕವನ್ನು ತರ್ಕದಿಂದ ಕಂಡುಹಿಡಿಯಲಾಗದು. ಆದರೆ ಇಲ್ಲಿಯೂ 'ಸಿ' ಎಂಬ ಬರಿಯ ಅಕ್ಷರ ಸಾಲದು, ಉತ್ತರವನ್ನು ಪೂರ್ತಿಯಾಗಿ ಬರೆದಿರಬೇಕು. ಏಕೆಂದರೆ ಸಿ.ಇ.ಟಿ.ಯಂತಹ ಪರೀಕ್ಷೆಗಳಲ್ಲಿ ಪ್ರಶ್ನೆಪತ್ರಿಕೆಗೆ ಹಲವು ಆವೃತ್ತಿಗಳಿದ್ದು, ಪ್ರಶ್ನೆಗಳ ಕ್ರಮ ಒಂದರಿಂದ ಒಂದಕ್ಕೆ ಬದಲಾಗುತ್ತದೆ. ಒಂದು ಆವೃತ್ತಿಯ ಹಾಳೆಯನ್ನು ಇನ್ನೊಂದರೊಡನೆ ತಾಳೆ ನೋಡಿದ ಮಗು ಸರಿಯಾದುದನ್ನೇ ತಪ್ಪೆಂದು ತಿಳಿದು ಕಂಗೆಡಬಹುದು. ನಮ್ಮ ಎಸ್.ಎಸ್.ಎಲ್.ಸಿ. ಪ್ರಶ್ನೆಪತ್ರಿಕೆಯೂ ಕ್ರಮಾಕ್ಷರದೊಡನೆ ಪೂರ್ಣ ಉತ್ತರವನ್ನು ಬರೆಯಿರಿ ಎಂದೇ ಸೂಚಿಸುತ್ತದೆ. ಆ ಸೂಚನೆಯನ್ನು ಮನೆಯ ಅಭ್ಯಾಸದಲ್ಲಿಯೂ ಪಾಲಿಸುವುದು ಲೇಸು.

ಉದಯಗಿರಿಯಂತಹ ಬಡಾವಣೆಯಲ್ಲಿ ಭಾಷೆಯ ಪ್ರಶ್ನೆಯೂ ಸೇರಿಕೊಳ್ಳುತ್ತದೆ. ಎಷ್ಟೋ ಮನೆಗಳಲ್ಲಿ ಮಾತು ಉರ್ದುವಿನಲ್ಲಿ, ಬೀದಿಯ ವ್ಯವಹಾರ ಕನ್ನಡದಲ್ಲಿ, ಪಠ್ಯಪುಸ್ತಕ ಇಂಗ್ಲಿಷಿನಲ್ಲಿ. ಕನ್ನಡ ಮಾತನಾಡುವ ನಮ್ಮ ಮನೆಗಳಲ್ಲಿಯೂ ಇಂಗ್ಲಿಷ್ ಮಾಧ್ಯಮದ ಮಕ್ಕಳಿದ್ದಾರೆ. ಇಂತಹ ಮಗುವಿಗೆ ಹತ್ತು ಸಾಲಿನ ಇಂಗ್ಲಿಷ್ ವಿವರಣೆ ಕೊಟ್ಟರೆ ಲೆಕ್ಕದ ತೊಡಕಿನ ಮೇಲೆ ಭಾಷೆಯ ತೊಡಕನ್ನೂ ಹೇರಿದಂತಾಗುತ್ತದೆ. 500ರಿಂದ 600, 600ರಿಂದ 480 ಎಂದು ಅಂಕಿಗಳನ್ನು ಬಾಣದ ಗುರುತಿನೊಡನೆ ಬರೆದು ತೋರಿಸಿ, ಒಂದು ಮಾತನ್ನು ಮನೆಮಾತಿನಲ್ಲಿ ಹೇಳಿದರೆ ವಿಷಯ ಬೇಗ ತಲುಪುತ್ತದೆ.

ಮನೆಯಲ್ಲಿ ಅನುಸರಿಸಬಹುದಾದ ಕ್ರಮ

ತಂದೆತಾಯಿಗಳಿಗೆ ವಿಷಯ ತಿಳಿಯದಿದ್ದರೂ ನಡೆಸಬಹುದಾದ ಒಂದು ಕ್ರಮವನ್ನು ಇಲ್ಲಿ ಸೂಚಿಸುತ್ತೇವೆ. ಕೀ ಉತ್ತರವನ್ನು ನೋಡುವ ಮೊದಲೇ ಮಗು ತನ್ನ ಪ್ರತಿಯೊಂದು ಉತ್ತರದ ಪಕ್ಕದಲ್ಲಿ 'ಖಚಿತ', 'ಅನುಮಾನ', 'ಊಹೆ' ಎಂಬ ಮೂರರಲ್ಲಿ ಒಂದನ್ನು ಬರೆಯಬೇಕು. ತಾಳೆ ನೋಡಿದ ಮೇಲೆ ಬರೆದರೆ ಪ್ರಯೋಜನವಿಲ್ಲ. ಆಗ ಎಲ್ಲವೂ ಮೊದಲೇ ಗೊತ್ತಿತ್ತೆಂದು ತೋರುತ್ತದೆ.

ಖಚಿತವೆಂದು ಬರೆದು ಸರಿಯಾದುದಕ್ಕೆ ಅಕ್ಷರವೇ ಸಾಕು, ಮುಂದೆ ಹೋಗಬಹುದು. ಅನುಮಾನದಿಂದ ಬರೆದು ಸರಿಯಾದುದಕ್ಕೆ ಒಂದು ವಾಕ್ಯದ ವಿವರಣೆ ಓದಿಸಬೇಕು. ಊಹೆಯಿಂದ ಸರಿಯಾದುದನ್ನು ತಪ್ಪೆಂದೇ ಎಣಿಸಬೇಕು. ಊಹೆಯಿಂದ ತಪ್ಪಾದಲ್ಲಿ ಮಗುವಿಗೆ ಆ ಪಾಠವೇ ಬಂದಿಲ್ಲವಾದ್ದರಿಂದ ಕಿರುವಿವರಣೆಯೂ ಸಾಲದು. ಪಠ್ಯಪುಸ್ತಕಕ್ಕೆ ಮರಳಿ, ಬಿಡಿಸಿದ ಲೆಕ್ಕವನ್ನು ಹಂತಹಂತವಾಗಿ ನೋಡಬೇಕು. ಮುಂದಿನ ಲೆಕ್ಕದಲ್ಲಿ ಕೊನೆಯ ಹಂತವನ್ನು ಮಗುವಿಗೆ ಬಿಟ್ಟು, ಅದರ ಮುಂದಿನದರಲ್ಲಿ ಕೊನೆಯ ಎರಡು ಹಂತಗಳನ್ನು ಬಿಟ್ಟು, ಹೀಗೆ ಊರುಗೋಲನ್ನು ಕ್ರಮೇಣ ತೆಗೆಯಬೇಕು.

ಎಲ್ಲಕ್ಕಿಂತ ಹೆಚ್ಚಿನ ಗಮನ ಸಲ್ಲಬೇಕಾದುದು ಖಚಿತವೆಂದು ಬರೆದೂ ತಪ್ಪಾದ ಉತ್ತರಕ್ಕೆ. ಸೀರೆಯ ಲೆಕ್ಕದಲ್ಲಿ 500 ಎಂದು ಧೈರ್ಯವಾಗಿ ಬರೆದ ಮಗು ಇಂತಹುದು. ಇದರಿಂದ ನಿರಾಶರಾಗಬೇಕಿಲ್ಲ. ದೃಢವಾಗಿ ನಂಬಿದ ತಪ್ಪು, ಅದು ತಪ್ಪೆಂದು ಗೊತ್ತಾದಾಗ ಹೆಚ್ಚಿನ ಅಚ್ಚರಿಯನ್ನುಂಟುಮಾಡಿ ಅರೆನಂಬಿಕೆಯ ತಪ್ಪಿಗಿಂತ ಚೆನ್ನಾಗಿ ತಿದ್ದಿಕೊಳ್ಳುತ್ತದೆ ಎಂದು ಬಟರ್‌ಫೀಲ್ಡ್ ಮತ್ತು ಮೆಟ್‌ಕಾಫ್ ಎಂಬ ಸಂಶೋಧಕರು 2001ರಲ್ಲಿ ತೋರಿಸಿದ್ದಾರೆ. ಆ ಅಚ್ಚರಿಯ ಗಳಿಗೆಯಲ್ಲಿಯೇ 'ಎರಡನೆಯ ಇಪ್ಪತ್ತು ಯಾವುದರ ಇಪ್ಪತ್ತು, ಮಗು?' ಎಂದು ಕೇಳಿ, ಉತ್ತರವನ್ನು ಅದರ ಬಾಯಿಂದಲೇ ಹೇಳಿಸಬೇಕು.

ತಿಳಿಯಿತೇ ಎಂದು ತಿಳಿಯುವ ಬಗೆ

ವಿವರಣೆ ಕೇಳಿದ ಮಗು ತಲೆಯಾಡಿಸುತ್ತದೆ. ತಲೆಯಾಡಿಸುವುದು ತಿಳಿದುದಕ್ಕೆ ಸಾಕ್ಷಿಯಲ್ಲ. ಮರುದಿನ ಅಂಕಿಗಳನ್ನು ಬದಲಿಸಿ, ಕ್ರಮವನ್ನೂ ತಿರುಗಿಸಿ ಮತ್ತೊಂದು ಲೆಕ್ಕ ಕೊಡಬೇಕು: 800 ರೂಪಾಯಿಯ ಪಂಚೆಯ ಜೋಡಿಯ ಬೆಲೆಯನ್ನು ಮೊದಲು ಶೇಕಡಾ 25ರಷ್ಟು ಇಳಿಸಿ, ಅನಂತರ ಶೇಕಡಾ 25ರಷ್ಟು ಏರಿಸಿದರೆ ಎಷ್ಟು?

ಕಾರಣವನ್ನು ತಿಳಿದ ಮಗು 800ರಿಂದ 600ಕ್ಕೆ ಇಳಿದು, 600ರ ಶೇಕಡಾ 25 ಆದ 150ನ್ನು ಕೂಡಿಸಿ 750 ಎನ್ನುತ್ತದೆ. ಅಕ್ಷರವನ್ನಷ್ಟೇ ನೆನಪಿಟ್ಟ ಮಗು ಮತ್ತೆ 800 ಎನ್ನಬಹುದು. ಇನ್ನೊಂದು ಮಗು 768 ಎನ್ನಬಹುದು. ಇದು ಎಲ್ಲಿಂದ ಬಂತು? 500 ಹೋಗಿ 480 ಆದಾಗ ಶೇಕಡಾ 4 ಕಡಿಮೆಯಾಯಿತಷ್ಟೆ. ಅದನ್ನೇ ಸೂತ್ರವೆಂದು ಬಾಯಿಪಾಠ ಮಾಡಿ 800ರಿಂದ ಶೇಕಡಾ 4ನ್ನು ಕಳೆದಿದೆ. ಶೇಕಡಾ 4 ಎಂಬುದು ಇಪ್ಪತ್ತು ಇಪ್ಪತ್ತರ ಲೆಕ್ಕಕ್ಕೆ ಮಾತ್ರ ಸಲ್ಲುತ್ತದೆ. ಇಪ್ಪತ್ತೈದರ ಲೆಕ್ಕದಲ್ಲಿ ಅದು ಶೇಕಡಾ 6.25. ಚುಟುಕು ಸೂತ್ರಗಳನ್ನು ಕಾರಣವಿಲ್ಲದೆ ಕೊಟ್ಟಾಗ ಆಗುವ ಅಪಾಯ ಇದು. ಇದನ್ನು ಬಯಲಿಗೆಳೆಯಲು ಇಂತಹ ಒಂದು ಬದಲಿ ಲೆಕ್ಕ ಸಾಕು.

ಕೊನೆಯದಾಗಿ ಮತ್ತೊಂದು ಮಾತು. ಅಚ್ಚಾದ ಕೀ ಉತ್ತರವೂ ತಪ್ಪಿರಬಹುದು. ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ಸಿ.ಇ.ಟಿ.ಗೆ ಮೊದಲು ತಾತ್ಕಾಲಿಕ ಕೀ ಉತ್ತರಗಳನ್ನು ಪ್ರಕಟಿಸಿ, ಆಕ್ಷೇಪಣೆಗಳನ್ನು ಆಧಾರಸಹಿತ ಆಹ್ವಾನಿಸಿ, ಪರಿಶೀಲನೆಯ ನಂತರವೇ ಅಂತಿಮ ಉತ್ತರಗಳನ್ನು ಹೊರಡಿಸುತ್ತದೆ. ಆಧಾರಸಹಿತ ಎಂಬ ಪದವೇ ಇಲ್ಲಿ ಮುಖ್ಯ. ಅಕ್ಷರವನ್ನು ಮಾತ್ರ ಬಲ್ಲ ವಿದ್ಯಾರ್ಥಿ ಹಾಳೆ ಹೇಳಿದುದನ್ನು ಒಪ್ಪಿಕೊಳ್ಳಬಲ್ಲನಷ್ಟೆ. ಕಾರಣವನ್ನು ಬಲ್ಲವನು ಮಾತ್ರ ಹಾಳೆ ತಪ್ಪಿದಾಗ ಅದನ್ನು ಪ್ರಶ್ನಿಸಿ, ತನಗೆ ನ್ಯಾಯವಾಗಿ ಸಲ್ಲಬೇಕಾದ ಒಂದು ಅಂಕವನ್ನು ಪಡೆದುಕೊಳ್ಳಬಲ್ಲನು.